ಹೊಲಿಗೆಯ ಸಂದಿಯಿಂದ ಹಬ್ಬುವ ಜ್ವರ

20ನೇ ಶತಮಾನದ ಮೊದಲ ದಶಕ. ಉತ್ತರ ಆಫ್ರಿಕಾದ ಟ್ಯೂನಿಸ್ ನಗರದಲ್ಲಿ ಟೈಫಸ್ ಜ್ವರ ಮತ್ತೆ ಮತ್ತೆ ಹಾವಳಿ ಎಬ್ಬಿಸುತ್ತಿತ್ತು. ಸಾದಿಕಿ ಆಸ್ಪತ್ರೆಯ ಬಾಗಿಲಲ್ಲಿ ರೋಗಿಗಳು ನಿಲ್ಲಲೂ ಆಗದೆ ಕುಸಿದು ಬೀಳುತ್ತಿದ್ದರು. ಅಲ್ಲಿನ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಿಕೋಲ್ ಅವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ರೋಗಿಯ ಮನೆಯವರಿಗೆ ಜ್ವರ ಅಂಟುತ್ತಿತ್ತು, ಆಸ್ಪತ್ರೆಯಲ್ಲಿ ಅವರ ಬಟ್ಟೆ ಬಿಚ್ಚಿ ತೆಗೆದಿಡುವವರಿಗೂ ಅದನ್ನು ಒಗೆಯುವವರಿಗೂ ಅಂಟುತ್ತಿತ್ತು. ಆದರೆ ಸ್ನಾನ ಮಾಡಿಸಿ, ಆಸ್ಪತ್ರೆಯ ಬಟ್ಟೆ ತೊಡಿಸಿ ಒಳಗೆ ಮಲಗಿಸಿದ ರೋಗಿಯಿಂದ ಪಕ್ಕದ ಹಾಸಿಗೆಯವರಿಗೆ ಏನೂ ಆಗುತ್ತಿರಲಿಲ್ಲ.

ಹಾಗಾದರೆ ಸೋಂಕು ಬಾಗಿಲಲ್ಲೇ ಉಳಿದುಬಿಡುತ್ತಿತ್ತು, ಕಳಚಿದ ಬಟ್ಟೆಯ ಜೊತೆಗೆ. ಬಟ್ಟೆಯಲ್ಲಿ ಇದ್ದುಕೊಂಡು ಮನುಷ್ಯನ ರಕ್ತ ಹೀರುವ ಜೀವಿ ಯಾವುದು? ಕೂರೆ! 1909ರಲ್ಲಿ ನಿಕೋಲ್ ಪ್ರಯೋಗಕ್ಕಿಳಿದರು. ರೋಗಿಯ ರಕ್ತವನ್ನು ಚಿಂಪಾಂಜಿಗೆ ಚುಚ್ಚಿದರು, ಅದರ ರಕ್ತವನ್ನು ಒಂದು ಕೋತಿಗೆ ಕೊಟ್ಟರು. ಆ ಕೋತಿಯ ರಕ್ತ ಕುಡಿದ ಕೂರೆಗಳನ್ನು ಆರೋಗ್ಯವಂತ ಕೋತಿಗಳ ಮೈಮೇಲೆ ಬಿಟ್ಟಾಗ ಅವಕ್ಕೂ ಜ್ವರ ಬಂತು. ಈ ಕೆಲಸಕ್ಕಾಗಿ ಅವರಿಗೆ 1928ರ ನೊಬೆಲ್ ಪ್ರಶಸ್ತಿ ಸಂದಿತು.

ಕೂರೆ ನೋಡಲು ತಲೆಹೇನಿನಂತೆಯೇ ಇರುತ್ತದೆ, ಬಾಳುವ ರೀತಿ ಮಾತ್ರ ಬೇರೆ. ತಲೆಹೇನು ಕೂದಲಲ್ಲಿ ಸೀರು ಇಡುತ್ತದೆ. ಕೂರೆ ಮೊಟ್ಟೆ ಇಡುವುದು ಕಾಲರ್, ಕಂಕುಳು, ಸೊಂಟಪಟ್ಟಿಯಂಥ ಕಡೆ, ಹೊಲಿಗೆಯ ಮಡಿಕೆಯೊಳಗೆ. ರಕ್ತ ಬೇಕಾದಾಗ ದಿನಕ್ಕೆ ಹಲವು ಸಲ ಚರ್ಮದ ಮೇಲೆ ಬಂದು, ಹೀರಿ, ಮತ್ತೆ ಬಟ್ಟೆಗೆ ಮರಳುತ್ತದೆ. ಟೈಫಸ್ ಪಿಡುಗುಗಳನ್ನು ಹಬ್ಬಿಸುವುದು ತಲೆಹೇನಲ್ಲ, ಈ ಕೂರೆ.

ಕೂರೆ ಕಚ್ಚುವಾಗ ರೋಗಾಣುವನ್ನು ಒಳಗೆ ಚುಚ್ಚುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಹಾಗಲ್ಲ. ರೋಗಿಯ ರಕ್ತದ ಜೊತೆ ಅದರ ಹೊಟ್ಟೆ ಸೇರಿದ ರಿಕೆಟ್ಸಿಯಾ ಪ್ರೊವಾಜೆಕಿ ಎಂಬ ಬ್ಯಾಕ್ಟೀರಿಯಾ ಕರುಳಿನ ಜೀವಕೋಶಗಳೊಳಗೆ ಹೆಚ್ಚುತ್ತಾ ಹೋಗುತ್ತದೆ. ಕೋಶಗಳು ಒಡೆದಾಗ ರೋಗಾಣುಗಳು ಹಿಕ್ಕೆಯಲ್ಲಿ ಹೊರಬೀಳುತ್ತವೆ. ಕಚ್ಚಿದ ಜಾಗ ತುರಿಸುತ್ತದೆ, ಮನುಷ್ಯ ಪರಚಿಕೊಳ್ಳುತ್ತಾನೆ, ಉಗುರು ಹಿಕ್ಕೆಯನ್ನು ಗೀರುಗಾಯಕ್ಕೆ ಉಜ್ಜುತ್ತದೆ. ತನ್ನ ಕೈಯಿಂದಲೇ ರೋಗವನ್ನು ಮೈಯೊಳಗೆ ಬಿಟ್ಟುಕೊಂಡಂತಾಯಿತು. ಕೂರೆಗೂ ಈ ಸೋಂಕು ಮಾರಕ: ಕರುಳು ಹರಿದು ರಕ್ತ ಒಳಗೆಲ್ಲ ಸೋರಿ, ಮೈ ಕೆಂಪಾಗಿ, ಒಂದೆರಡು ವಾರದಲ್ಲಿ ಸಾಯುತ್ತದೆ.

ಕೂರೆ ಸತ್ತರೂ ಹಿಕ್ಕೆ ಉಳಿಯುತ್ತದೆ. ಒಣಗಿ ಪುಡಿಯಾದ ಹಿಕ್ಕೆಯಲ್ಲಿ ರೋಗಾಣು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕಂಬಳಿ ಕೊಡವಿದರೆ ಆ ಪುಡಿ ಕಣ್ಣಿಗೆ ಬೀಳಬಹುದು, ಉಸಿರಲ್ಲಿ ಸೇರಬಹುದು. ಟ್ಯೂನಿಸ್ಸಿನಲ್ಲಿ ಬಟ್ಟೆ ಮುಟ್ಟಿದವರು ಮಲಗಿದ್ದೇಕೆ ಎಂಬುದಕ್ಕೆ ಇದೂ ಉತ್ತರ.

ಸೋಂಕು ತಗುಲಿ ಒಂದೆರಡು ವಾರಕ್ಕೆ ಇದ್ದಕ್ಕಿದ್ದಂತೆ ವಿಪರೀತ ಜ್ವರ, ತಲೆ ಒಡೆಯುವಂಥ ನೋವು. ಮುಂದೆ ಎದೆ, ಹೊಟ್ಟೆ, ಬೆನ್ನಿನ ಮೇಲೆ ದದ್ದುಗಳೆದ್ದು ಕೈಕಾಲಿಗೆ ಹಬ್ಬುತ್ತವೆ. ಮುಖ, ಅಂಗೈ, ಅಂಗಾಲು ಸಾಮಾನ್ಯವಾಗಿ ಬಚಾವು. ರೋಗಿ ಮಂಕಾಗಿ ಬಡಬಡಿಸತೊಡಗುತ್ತಾನೆ. ಮೈ ಕಾದಾಗ ಕೂರೆಗೆ ಆ ಬಿಸಿ ತಡೆಯದು, ಪಕ್ಕದವರ ಮೈಗೆ ದಾಟುತ್ತದೆ. ಒಂದೇ ಕಂಬಳಿಯಡಿ ಮಲಗುವ ಜೈಲು, ಕಂದಕ, ನಿರಾಶ್ರಿತರ ಶಿಬಿರಗಳಲ್ಲಿ ಜ್ವರ ಕಾಳ್ಗಿಚ್ಚಾಗುವುದು ಹೀಗೆ. ನಮ್ಮ ಕಡೆ ಕೇಳಿಬರುವ ಸ್ಕ್ರಬ್ ಟೈಫಸ್ ಇದಲ್ಲ; ಅದನ್ನು ತರುವುದು ಹುಲ್ಲು-ಪೊದೆಯ ನುಸಿಮರಿ.

ಇದು ಮುಗಿದುಹೋದ ಕಥೆಯೆಂದು ಎಷ್ಟೋ ಮಂದಿ ಭಾವಿಸಿದ್ದಾಗ, 1990ರ ದಶಕದಲ್ಲಿ, ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಬುರುಂಡಿಯಲ್ಲಿ ಟೈಫಸ್ ಎದ್ದು ಬಂತು. ಮೊದಲು ನ್ಗೋಜಿಯ ಜೈಲಿನಲ್ಲಿ. 1997ರ ಹೊತ್ತಿಗೆ ಚಳಿಯ ಗುಡ್ಡಗಾಡಿನ ಶಿಬಿರಗಳಲ್ಲಿ ಹತ್ತಾರು ಸಾವಿರ ಜನ ಹಾಸಿಗೆ ಹಿಡಿದರು. ಔಷಧಿಯೇನೋ ಸುಲಭದ್ದಿತ್ತು: 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಒಂದೇ ಸಲ ನುಂಗಿದರೂ ಬಹಳ ಮಂದಿಗೆ ಜ್ವರ ಇಳಿಯುತ್ತದೆ. ಕಷ್ಟವಿದ್ದದ್ದು ಬಟ್ಟೆಯಲ್ಲಿ. ಮೈಮೇಲಿನ ಒಂದೇ ಜೊತೆ ಬಟ್ಟೆಯನ್ನು ಒಗೆಯಲು ಕೊಟ್ಟು, ಅದು ಒಣಗುವ ತನಕ ಚಳಿಯಲ್ಲಿ ಏನು ತೊಡುವುದು? ಕೂರೆ ಬೀಳುವುದು ಕೊಳಕುತನದಿಂದ ಎಂದು ಬೈಯುವವರು ಈ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು.

ತಣ್ಣೀರಲ್ಲಿ ಜಾಲಾಡಿದರೆ ಕೂರೆ ಸಾಯುವುದಿಲ್ಲ, ಹೊಲಿಗೆಗೆ ಅಂಟಿದ ಮೊಟ್ಟೆ ಬಿಡುವುದೂ ಇಲ್ಲ. ನೀರು 60 ಡಿಗ್ರಿಯಷ್ಟು ಬಿಸಿಯಿರಬೇಕು, ಬಟ್ಟೆ ಅದರಲ್ಲಿ ಅರ್ಧ ಗಂಟೆ ನೆನೆಯಬೇಕು. ಒಣಗಿದ ಮೇಲೆ ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಇನ್ನೂ ಒಳ್ಳೆಯದು. ಒಗೆಯಲಾಗದ್ದನ್ನು ಎರಡು ವಾರ ಗಂಟು ಕಟ್ಟಿ ಯಾರೂ ಮುಟ್ಟದಂತೆ ಇಡಬೇಕು. ರಕ್ತ ಸಿಗದ ಕೂರೆ ಒಂದು ವಾರದೊಳಗೆ ಸಾಯುತ್ತದೆ, ನಡುವೆ ಒಡೆದ ಮೊಟ್ಟೆಯ ಮರಿಗಳೂ ಹಸಿದು ಸಾಯುತ್ತವೆ. ಆದರೆ ಈ ಗಂಟನ್ನು ಹಾಗೇ ಕೊಡವಬಾರದು. ಒಳಗಿನ ಹಿಕ್ಕೆಯ ಪುಡಿಗೆ ಎರಡು ವಾರ ಏನೇನೂ ಅಲ್ಲ.

ವಾಸಿಯಾದವರ ಮೈಯಲ್ಲೂ ರೋಗಾಣು ವರ್ಷಗಟ್ಟಲೆ ಸುಮ್ಮನೆ ಅಡಗಿದ್ದು, ಮುಪ್ಪಿನಲ್ಲೋ ಮೈ ಸೋತಾಗಲೋ ಹಗುರ ಜ್ವರವಾಗಿ ಮರಳಬಹುದು. ಆಗ ಅವರ ಬಟ್ಟೆಯಲ್ಲಿ ಕೂರೆ ಇಲ್ಲದಿದ್ದರೆ ಜ್ವರ ಅವರೊಬ್ಬರದೇ. ಇದ್ದರೆ, ಊರಿನ ಹೊಸ ಪಿಡುಗು ಅವರಿಂದಲೇ ಶುರುವಾಗಬಹುದು.