ಸಂಕೀರ್ಣ ಹೆಜ್ಜೆಯ ಅವಕಲನ

ಸಂಕೀರ್ಣ ಹೆಜ್ಜೆಯ ಅವಕಲನ ಎಂಬುದು ಒಂದು ಫಲನದ ನಿಷ್ಪನ್ನವನ್ನು, ಅಂದರೆ ಅದರ ಬದಲಾವಣೆಯ ದರವನ್ನು, ಗಣಕಯಂತ್ರದಲ್ಲಿ ಸಂಖ್ಯಾತ್ಮಕವಾಗಿ ಕಂಡುಹಿಡಿಯುವ ವಿಧಾನ. ಇದರಲ್ಲಿ ಚರದ ಬೆಲೆಯನ್ನು ವಾಸ್ತವ ಸಂಖ್ಯಾರೇಖೆಯ ಮೇಲೆ ಸರಿಸದೆ, ಕಾಲ್ಪನಿಕ ಅಕ್ಷದ ದಿಕ್ಕಿನಲ್ಲಿ ಅತ್ಯಲ್ಪವಾಗಿ ಸರಿಸಲಾಗುತ್ತದೆ. ಹೀಗೆ ದೊರೆತ ಫಲಿತದ ಕಾಲ್ಪನಿಕ ಭಾಗವನ್ನು ಹೆಜ್ಜೆಯ ಗಾತ್ರದಿಂದ ಭಾಗಿಸಿದರೆ ನಿಷ್ಪನ್ನ ಸಿಗುತ್ತದೆ:

f′(x) ≈ Im f(x + ih) / h

ಇಲ್ಲಿ Im ಎಂದರೆ ಕಾಲ್ಪನಿಕ ಭಾಗ, h ಎಂದರೆ ಹೆಜ್ಜೆಯ ಗಾತ್ರ. ಸೂತ್ರದಲ್ಲಿ ಎರಡು ಬೆಲೆಗಳ ವ್ಯವಕಲನವಿಲ್ಲ ಎಂಬುದೇ ಇದರ ಮುಖ್ಯ ಲಕ್ಷಣ.

## ಹಿನ್ನೆಲೆ

ಸಂಕೀರ್ಣ ಚರಗಳ ಮೂಲಕ ವಾಸ್ತವ ಫಲನಗಳ ನಿಷ್ಪನ್ನಗಳನ್ನು ಪಡೆಯುವ ವಿಚಾರವನ್ನು ಜೇಮ್ಸ್ ಲೈನೆಸ್ ಮತ್ತು ಕ್ಲೀವ್ ಮೋಲರ್ 1967ರಲ್ಲಿ ಪ್ರಕಟಿಸಿದರು. ಮ್ಯಾಟ್‌ಲ್ಯಾಬ್ ತಂತ್ರಾಂಶವನ್ನು ಮುಂದೆ ರೂಪಿಸಿದವರು ಇದೇ ಮೋಲರ್. ಅವರ ಸೂತ್ರಗಳು ಹೆಚ್ಚು ಸಾಮಾನ್ಯವಾದವು, ಬಳಸಲು ಅಷ್ಟು ಸರಳವಲ್ಲ. ಮೇಲಿನ ಒಂದೇ ಸಾಲಿನ ಸೂತ್ರವನ್ನು ವಿಲಿಯಂ ಸ್ಕ್ವಯರ್ ಮತ್ತು ಜಾರ್ಜ್ ಟ್ರ್ಯಾಪ್ 1998ರ ಒಂದು ಕಿರುಲೇಖನದಲ್ಲಿ ಮುಂದಿಟ್ಟರು. 2003ರಲ್ಲಿ ಮಾರ್ಟಿನ್ಸ್, ಸ್ಟುರ್ಜಾ ಮತ್ತು ಅಲೊನ್ಸೊ ಇದನ್ನು ದೊಡ್ಡ ಗಣಕ ಕಾರ್ಯಕ್ರಮಗಳಿಗೆ ಅನ್ವಯಿಸುವ ಬಗೆಯನ್ನು ವಿವರವಾಗಿ ಬರೆದರು.

## ಪರಿಮಿತ ವ್ಯತ್ಯಾಸ ಸೂತ್ರದ ತೊಡಕು

ನಿಷ್ಪನ್ನವನ್ನು ಅಂದಾಜಿಸುವ ಸರ್ವಪರಿಚಿತ ಸೂತ್ರ (f(x + h) − f(x)) / h. ಇದರಲ್ಲಿ ಎರಡು ಬಗೆಯ ದೋಷಗಳಿವೆ. ಟೇಲರ್ ಶ್ರೇಣಿಯ ಮುಂದಿನ ಪದಗಳನ್ನು ಕೈಬಿಡುವುದರಿಂದ ಬರುವ ಕಡಿತ ದೋಷವು h ಕಿರಿದಾದಂತೆ ಕಡಿಮೆಯಾಗುತ್ತದೆ. ಆದರೆ h ಕಿರಿದಾದಂತೆ f(x + h) ಮತ್ತು f(x) ಒಂದಕ್ಕೊಂದು ಬಹಳ ಸಮೀಪವಾಗುತ್ತವೆ. ಯಂತ್ರವು ಪ್ರತಿಯೊಂದು ಸಂಖ್ಯೆಯನ್ನೂ ನಿಗದಿತ ಸಂಖ್ಯೆಯ ಸಾರ್ಥಕ ಅಂಕಿಗಳಲ್ಲಿ ಮಾತ್ರ ಇಟ್ಟುಕೊಳ್ಳುವುದರಿಂದ, ಅವುಗಳನ್ನು ಕಳೆದಾಗ ಸಮಾನವಾದ ಮುಂದಿನ ಅಂಕಿಗಳೆಲ್ಲ ಅಳಿದು, ರೌಂಡಿಂಗ್‌ನಿಂದ ಕೆಟ್ಟ ಕೊನೆಯ ಅಂಕಿಗಳಷ್ಟೇ ಉಳಿಯುತ್ತವೆ. ಇದನ್ನು ವ್ಯವಕಲನ ಲೋಪ ಎನ್ನಬಹುದು. ವ್ಯವಕಲನವು ಹೊಸ ದೋಷವನ್ನು ಹುಟ್ಟಿಸುವುದಿಲ್ಲ. ಅದುವರೆಗೆ ಎಂಟನೆಯ ಅಂಕಿಯಲ್ಲಿ ಅಡಗಿದ್ದ ದೋಷವನ್ನು ಮೊದಲನೆಯ ಅಂಕಿಗೆ ತಂದು ನಿಲ್ಲಿಸುತ್ತದೆ, ಅಷ್ಟೇ.

ಎಂಟು ಸಾರ್ಥಕ ದಶಮಾಂಶ ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುವ ಯಂತ್ರವೊಂದನ್ನು ಊಹಿಸೋಣ. f(x) = x³, x = 1.37 ಆಗಿರಲಿ. ಆಗ f(x) = 2.571353; ನಿಜವಾದ ನಿಷ್ಪನ್ನ 3x² = 5.6307. ಪರಿಮಿತ ವ್ಯತ್ಯಾಸ ಸೂತ್ರವು ಕೊಡುವ ಬೆಲೆಗಳು ಹೀಗಿವೆ:

| h | ಯಂತ್ರದಲ್ಲಿ f(x + h) | ದೊರೆತ ನಿಷ್ಪನ್ನ |
|---|---|---|
| 10⁻³ | 2.5769878 | 5.6348 |
| 10⁻⁴ | 2.5719161 | 5.631 |
| 10⁻⁵ | 2.5714093 | 5.63 |
| 10⁻⁶ | 2.5713586 | 5.6 |
| 10⁻⁷ | 2.5713536 | 6 |
| 10⁻⁸ | 2.5713530 | 0 |

ಮೊದಲ ಸಾಲಿನಿಂದ ಎರಡನೆಯದಕ್ಕೆ ಬರುವಾಗ ಉತ್ತರ ಸುಧಾರಿಸುತ್ತದೆ, ಆಮೇಲೆ ಒಂದೊಂದೇ ಅಂಕಿಯಾಗಿ ಕೆಡುತ್ತ ಹೋಗುತ್ತದೆ. ಕೊನೆಯ ಸಾಲಿನಲ್ಲಿ 1.37 + 10⁻⁸ ಎಂಬ ಮೊತ್ತವೇ ಎಂಟು ಅಂಕಿಗಳಲ್ಲಿ ಹಿಡಿಸದೆ 1.37 ಆಗಿಬಿಡುತ್ತದೆ. ಸುಮಾರು ಹದಿನಾರು ಅಂಕಿಗಳನ್ನು ಇಟ್ಟುಕೊಳ್ಳುವ ಇಂದಿನ ದ್ವಿಗುಣ ನಿಖರತೆಯ ಅಂಕಗಣಿತದಲ್ಲೂ ಕಥೆ ಇದೇ: ಸಾಮಾನ್ಯವಾಗಿ h = 10⁻⁸ರ ಆಸುಪಾಸಿನಲ್ಲಿ ಎಂಟು ಅಂಕಿಗಳಷ್ಟು ನಿಖರತೆ ಸಿಗುತ್ತದೆ, ಅದಕ್ಕಿಂತ ಮುಂದೆ ಹೋಗಲಾಗದು. ಎರಡೂ ಬದಿಗೆ ಹೆಜ್ಜೆಯಿಡುವ ಕೇಂದ್ರೀಯ ವ್ಯತ್ಯಾಸ ಸೂತ್ರವು ಇನ್ನೆರಡು-ಮೂರು ಅಂಕಿಗಳನ್ನು ಸೇರಿಸುತ್ತದೆಯೇ ಹೊರತು ಲೋಪವನ್ನು ನಿವಾರಿಸುವುದಿಲ್ಲ.

## ಲೋಪ ತಪ್ಪುವ ಬಗೆ

f ವೈಶ್ಲೇಷಿಕ ಫಲನವಾಗಿದ್ದು, ವಾಸ್ತವ ಸಂಖ್ಯೆಗಳಿಗೆ ವಾಸ್ತವ ಬೆಲೆಯನ್ನೇ ಕೊಡುವುದಾದರೆ, ಅದರ ಟೇಲರ್ ಶ್ರೇಣಿಯಲ್ಲಿ ಹೆಜ್ಜೆಯನ್ನು ih ಎಂದು ಬರೆಯಬಹುದು:

f(x + ih) = f(x) + ih f′(x) − h² f″(x)/2 − ih³ f‴(x)/6 + …

ದೊಡ್ಡ ಪದವಾದ f(x) ವಾಸ್ತವ ಭಾಗದಲ್ಲಿ ಉಳಿಯುತ್ತದೆ. ನಮಗೆ ಬೇಕಾದ h f′(x) ಕಾಲ್ಪನಿಕ ಭಾಗದಲ್ಲಿ ನಿಲ್ಲುತ್ತದೆ. ಪರಿಮಿತ ವ್ಯತ್ಯಾಸದಲ್ಲಿ f(x)ನ್ನು ಕಳೆದು ಹಾಕಬೇಕಾಗಿದ್ದುದೇ ಇವೆರಡೂ ಒಂದೇ ಸಂಖ್ಯೆಯೊಳಗೆ ಬೆರೆತಿದ್ದರಿಂದ. ಇಲ್ಲಿ ಯಂತ್ರವು ಎರಡು ಭಾಗಗಳನ್ನು ಎರಡು ಪ್ರತ್ಯೇಕ ಸಂಖ್ಯೆಗಳಾಗಿ, ತಂತಮ್ಮ ಘಾತಾಂಕಗಳೊಡನೆ ಇಟ್ಟುಕೊಳ್ಳುತ್ತದೆ. ಹೀಗಾಗಿ 10⁻⁸ ಗಾತ್ರದ ಕಾಲ್ಪನಿಕ ಭಾಗಕ್ಕೂ ತನ್ನದೇ ಎಂಟು ಅಂಕಿಗಳ ಪೂರ್ಣ ನಿಖರತೆ ಇರುತ್ತದೆ.

ಅದೇ ಯಂತ್ರದಲ್ಲಿ h = 10⁻⁸ ಇಟ್ಟು z = 1.37 + 10⁻⁸i ಎಂದುಕೊಳ್ಳೋಣ. z²ನ ವಾಸ್ತವ ಭಾಗ 1.8769, ಅದರಿಂದ ಕಳೆಯಬೇಕಾದ h² ಎಂಟು ಅಂಕಿಗಳಾಚೆ ಬೀಳುವುದರಿಂದ ಕಾಣಿಸದು, ಕಾಣಿಸದಿರುವುದರಿಂದ ಹಾನಿಯೂ ಇಲ್ಲ. ಕಾಲ್ಪನಿಕ ಭಾಗ 2 × 1.37 × 10⁻⁸ = 2.74 × 10⁻⁸. ಇದನ್ನು ಮತ್ತೆ zದಿಂದ ಗುಣಿಸಿದಾಗ ಕಾಲ್ಪನಿಕ ಭಾಗವು 1.8769 × 10⁻⁸ ಮತ್ತು 3.7538 × 10⁻⁸ ಇವುಗಳ ಮೊತ್ತ, ಅಂದರೆ 5.6307 × 10⁻⁸. hದಿಂದ ಭಾಗಿಸಿದರೆ 5.6307. ವ್ಯತ್ಯಾಸ ಸೂತ್ರವು ಸೊನ್ನೆಯನ್ನು ಕೊಟ್ಟ ಅದೇ ಹೆಜ್ಜೆಯಲ್ಲಿ ಇದು ಪೂರ್ಣ ಉತ್ತರವನ್ನು ಕೊಟ್ಟಿದೆ.

x³ಕ್ಕೆ ಈ ಸೂತ್ರದ ಕಡಿತ ದೋಷ −h² ಮಾತ್ರ. ಕೇಂದ್ರೀಯ ವ್ಯತ್ಯಾಸದಲ್ಲಿ ಅದು +h². ಕಾಗದದ ಮೇಲೆ ಎರಡೂ ಸಮಾನ. ಇಲ್ಲಿ hನ್ನು ಹೆದರದೆ ಕಿರಿದಾಗಿಸಬಹುದು ಎಂಬುದೇ ವ್ಯತ್ಯಾಸ. 10⁻²⁰ ಸಾಮಾನ್ಯ ಆಯ್ಕೆ. ಯಂತ್ರವು ಪ್ರತಿನಿಧಿಸಬಲ್ಲ ಅತಿ ಕಿರಿಯ ಸಂಖ್ಯೆಯ ಸಮೀಪಕ್ಕೆ ಹೋಗದಿದ್ದರೆ ಸಾಕು.

```python
def f(x):
    return x * x * x

h = 1e-20
print(f(1.37 + 1j * h).imag / h)
```

ನಿಷ್ಪನ್ನದ ಸ್ವಂತ ಲೆಕ್ಕದಲ್ಲೇ ಸಮೀಪದ ಸಂಖ್ಯೆಗಳ ವ್ಯವಕಲನವಿದ್ದರೆ ಆ ನಷ್ಟವನ್ನು ಈ ವಿಧಾನ ತಪ್ಪಿಸದು. ಅದು ತಪ್ಪಿಸುವುದು ಅವಕಲನ ಸೂತ್ರವು ತಾನಾಗಿ ತರುವ ಲೋಪವನ್ನು ಮಾತ್ರ.

## ಎಡವುವ ಸಂದರ್ಭಗಳು

ಕಾರ್ಯಕ್ರಮದೊಳಗೆ ವೈಶ್ಲೇಷಿಕವಲ್ಲದ ಕ್ರಿಯೆ ನುಸುಳಿದಾಗ ವಿಧಾನವು ಸದ್ದಿಲ್ಲದೆ ತಪ್ಪುತ್ತದೆ. ಅತಿ ಸಾಮಾನ್ಯ ಉದಾಹರಣೆ `abs`. ಸಂಕೀರ್ಣ ಸಂಖ್ಯೆಗೆ ಅದು ಮಾನವನ್ನು, ಅಂದರೆ ಬರಿಯ ವಾಸ್ತವ ಸಂಖ್ಯೆಯನ್ನು ಹಿಂದಿರುಗಿಸುವುದರಿಂದ ಕಾಲ್ಪನಿಕ ಭಾಗ ಅಲ್ಲಿಗೇ ಮುಗಿಯುತ್ತದೆ. ಅದರ ಬದಲು, ವಾಸ್ತವ ಭಾಗ ಋಣವಾಗಿದ್ದರೆ −z, ಇಲ್ಲವಾದರೆ z ಎಂದು ಬರೆದುಕೊಳ್ಳಬೇಕು. ಮ್ಯಾಟ್‌ಲ್ಯಾಬ್‌ನಲ್ಲಿ `A'` ಎಂಬ ಚಿಹ್ನೆ ಮಾತೃಕೆಯನ್ನು ಪಕ್ಷಾಂತರಿಸುವುದರ ಜೊತೆಗೆ ಕಾಲ್ಪನಿಕ ಭಾಗದ ಚಿಹ್ನೆಯನ್ನೂ ತಿರುಗಿಸುತ್ತದೆ. `A.'` ಎಂದು ಬರೆಯುವುದು ಸರಿ.

ಇನ್ನೂ ಸೂಕ್ಷ್ಮವಾದ ತೊಡಕು ಗ್ರಂಥಾಲಯದ ಫಲನಗಳೊಳಗೆ ಇರಬಹುದು. ವಿಲೋಮ ಸೈನ್ ಫಲನವನ್ನು −i log(iz + √(1 − z²)) ಎಂಬ ಸೂತ್ರದಿಂದ ಲೆಕ್ಕ ಹಾಕಿದರೆ, iz ಎಂಬುದು −h + ix ಆಗುತ್ತದೆ. ಈ −h ಈಗ √(1 − x²) ಎಂಬ ದೊಡ್ಡ ವಾಸ್ತವ ಸಂಖ್ಯೆಯ ಜೊತೆ ಕೂಡಿಕೊಂಡು ಮಾಯವಾಗುತ್ತದೆ. ಬೇರೆಬೇರೆ ಇರಬೇಕಾದ ಎರಡು ಗಾತ್ರಗಳು ಮತ್ತೆ ಒಂದೇ ಸಂಖ್ಯೆಯೊಳಗೆ ಸೇರಿದ್ದರಿಂದ ಹಳೆಯ ಲೋಪ ಮರಳಿ ಬರುತ್ತದೆ.

ಇಂಥ ತಪ್ಪನ್ನು ಗುರುತಿಸಲು hನ್ನು 10⁻⁶ ಮತ್ತು 10⁻²⁰ ಎಂದು ಬದಲಿಸಿ ನೋಡುವುದು ಉಪಯುಕ್ತ. ಎರಡೂ ಉತ್ತರಗಳು ಬಹುತೇಕ ಹೊಂದಬೇಕು. ಕಿರಿಯ h ಬಂದಾಗ ಉತ್ತರ ಸೊನ್ನೆಯಾದರೆ ಎಲ್ಲೋ ಕಾಲ್ಪನಿಕ ಭಾಗ ಕಳೆದುಹೋಗಿದೆ. `abs`ನಂಥ ತಪ್ಪುಗಳು hನೊಂದಿಗೆ ಬದಲಾಗದಿರಬಹುದಾದ್ದರಿಂದ ಕೇಂದ್ರೀಯ ವ್ಯತ್ಯಾಸದ ಉತ್ತರದೊಡನೆಯೂ ಮೊದಲ ಆರು ಅಂಕಿಗಳನ್ನು ಹೋಲಿಸುವುದು ಒಳ್ಳೆಯದು.

## ಮಿತಿಗಳು

ಎರಡನೆಯ ನಿಷ್ಪನ್ನಕ್ಕೆ ಈ ಅನುಕೂಲ ವಿಸ್ತರಿಸುವುದಿಲ್ಲ. ಅದು ವಾಸ್ತವ ಭಾಗದಲ್ಲಿ f(x)ನ ಜೊತೆಗೇ ಇರುವುದರಿಂದ 2(f(x) − Re f(x + ih))/h² ಎಂದು ಕಳೆಯಲೇಬೇಕು. ಫಲನದ ಮೂಲ ಕಾರ್ಯಕ್ರಮ ಕೈಯಲ್ಲಿಲ್ಲದಿದ್ದರೆ, ಅಥವಾ ಅದು ಸಂಕೀರ್ಣ ಸಂಖ್ಯೆಗಳನ್ನು ಸ್ವೀಕರಿಸದಿದ್ದರೆ ವಿಧಾನ ಅನ್ವಯಿಸದು. ಒಂದು ಸಂಕೀರ್ಣ ಗುಣಾಕಾರಕ್ಕೆ ನಾಲ್ಕು ವಾಸ್ತವ ಗುಣಾಕಾರಗಳು ಬೇಕಾಗುವುದರಿಂದ ಲೆಕ್ಕದ ಹೊರೆಯೂ ಹೆಚ್ಚು. ಚರಗಳು ಹಲವಿದ್ದರೆ ಪ್ರತಿಯೊಂದಕ್ಕೂ ಕಾರ್ಯಕ್ರಮವನ್ನು ಒಮ್ಮೆ ನಡೆಸಬೇಕು.