ಮೂಲೆಯಲ್ಲಿದ್ದ ಆ ಕ್ಯಾಮೆರಾ ಎಲ್ಲಿ ಹೋಯಿತು?

2013ರ ಸೆಪ್ಟೆಂಬರ್ ಕೊನೆಯಲ್ಲಿ ಸಿರಿಯಾದ ಇದ್ಲಿಬ್ ಪ್ರಾಂತ್ಯದಲ್ಲಿ ತೆಗೆದ ಒಂದು ಫೋಟೊ. ಸರ್ಕಾರಿ ಪಡೆಗಳ ಜೊತೆ ಗುಂಡಿನ ಕಾಳಗ ನಡೆದಿದೆ. ಬಂದೂಕು ಹಿಡಿದ ಬಂಡುಕೋರನೊಬ್ಬ ಮರೆ ಹುಡುಕುತ್ತಿದ್ದಾನೆ. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ (ಎಪಿ) ಹಂಚಿದ ಈ ಚಿತ್ರದಲ್ಲಿ ಸುಳ್ಳು ಅನ್ನಿಸುವಂಥದ್ದು ಏನೂ ಕಾಣುವುದಿಲ್ಲ. ಹೋರಾಟಗಾರ ನಿಜ, ಕಾಳಗ ನಿಜ, ಜಾಗ ನಿಜ. ಆದರೆ ಮೂಲ ಚಿತ್ರದ ಎಡ ಕೆಳಮೂಲೆಯಲ್ಲಿ ಇನ್ನೊಬ್ಬ ಪತ್ರಕರ್ತನ ವಿಡಿಯೊ ಕ್ಯಾಮೆರಾ ಇತ್ತು. ಛಾಯಾಗ್ರಾಹಕ ನಾರ್ಸಿಸೊ ಕಾಂಟ್ರೆರಾಸ್ ಅದೇ ಚಿತ್ರದ ಹಿನ್ನೆಲೆಯ ತುಣುಕನ್ನು ನಕಲು ಮಾಡಿ ಆ ಕ್ಯಾಮೆರಾದ ಮೇಲೆ ಅಂಟಿಸಿದ್ದರು. ಫೋಟೊಶಾಪ್ ಬಲ್ಲವರಿಗೆ ಇದು ಕ್ಲೋನ್ ಟೂಲ್‌ನಲ್ಲಿ ಕೆಲವೇ ನಿಮಿಷದ ಕೆಲಸ.

ಕಾಂಟ್ರೆರಾಸ್ ಸಾಮಾನ್ಯ ಫೋಟೊಗ್ರಾಫರ್ ಅಲ್ಲ. ಸಿರಿಯಾ ಯುದ್ಧದ ಚಿತ್ರಗಳಿಗಾಗಿ 2013ರ ಪುಲಿಟ್ಜರ್ ಪ್ರಶಸ್ತಿ ಪಡೆದ ಎಪಿಯ ಐವರ ತಂಡದಲ್ಲಿ ಅವರೂ ಇದ್ದರು. ಮುಂದೆ ಅವರೇ ಸಂಪಾದಕರಿಗೆ ವಿಷಯ ತಿಳಿಸಿದರು. ನೋಡುವವರ ಗಮನ ಕ್ಯಾಮೆರಾದ ಕಡೆ ಹೋದೀತು ಎಂದು ತೆಗೆದೆ ಅನ್ನುವುದು ಅವರ ಕಾರಣ. 2014ರ ಜನವರಿಯಲ್ಲಿ ಎಪಿ ಅವರ ಜೊತೆಗಿನ ಸಂಬಂಧ ಕಡಿದುಕೊಂಡಿತು. ಅವರು ಕೊಟ್ಟಿದ್ದ ಸುಮಾರು 500 ಚಿತ್ರಗಳನ್ನು ಒಂದೊಂದಾಗಿ ಮೂಲ ಫೈಲಿನ ಜೊತೆ ಹೋಲಿಸಿ ನೋಡಲಾಯಿತು. ಬೇರೆ ಯಾವುದರಲ್ಲೂ ಇಂಥ ಬದಲಾವಣೆ ಸಿಗಲಿಲ್ಲ. ಆದರೂ ಅವರ ಚಿತ್ರಗಳನ್ನು ಸಾರ್ವಜನಿಕ ಸಂಗ್ರಹದಿಂದ ತೆಗೆಯಲು ಸಂಸ್ಥೆ ನಿರ್ಧರಿಸಿತು.

ಈ ಘಟನೆಯನ್ನು ಹಾಸ್ಟೆಲಿನಲ್ಲಿ ಹೇಳಿದಾಗ ನನ್ನ ರೂಮ್‌ಮೇಟ್‌ನ ಮೊದಲ ಮಾತು, ‘ಒಂದು ಕ್ಯಾಮೆರಾಗೆ ಇಷ್ಟೊಂದಾ? ಕ್ರಾಪ್ ಮಾಡಿದ್ರೆ ಮುಗೀತಿತ್ತಲ್ಲ ಮಾರಾಯ!’ ಅವನ ಮಾತಿನಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಎಪಿಯ ನಿಯಮದ ಪ್ರಕಾರ ಕ್ರಾಪ್ ಮಾಡಬಹುದು. ಬೆಳಕು, ಬಣ್ಣವನ್ನು ಮಿತವಾಗಿ ಸರಿಪಡಿಸಬಹುದು, ಕಪ್ಪು-ಬಿಳುಪಿಗೆ ತಿರುಗಿಸಬಹುದು. ಆದರೆ ಚಿತ್ರದೊಳಗೆ ಏನನ್ನೂ ಸೇರಿಸುವಂತಿಲ್ಲ, ಏನನ್ನೂ ಅಳಿಸುವಂತಿಲ್ಲ. ಕ್ರಾಪ್ ಮಾಡಿದರೂ ಕ್ಯಾಮೆರಾ ಹೋಗುತ್ತದೆ, ಕ್ಲೋನ್ ಮಾಡಿದರೂ ಹೋಗುತ್ತದೆ. ಹಾಗಾದರೆ ಒಂದು ಸರಿ, ಇನ್ನೊಂದು ತಪ್ಪು ಏಕೆ?

ಫೋಟೊಗೆ ಅಂಚು ಇರುತ್ತದೆ ಎಂಬುದು ನೋಡುವ ಎಲ್ಲರಿಗೂ ಗೊತ್ತು. ಅಂಚಿನ ಆಚೆ ಏನಿತ್ತು ಎಂದು ಆ ಚಿತ್ರ ಮಾತು ಕೊಟ್ಟಿರುವುದಿಲ್ಲ. ಅಂಚಿನ ಒಳಗೆ ಕಾಣುವ ಕಲ್ಲು ಮಾತ್ರ ಅಲ್ಲೇ ಇತ್ತು ಎಂದು ನಾವು ನಂಬುತ್ತೇವೆ. ಕ್ಲೋನ್ ಮಾಡಿದ ಮೂಲೆಯಲ್ಲಿ ಕಾಣುವ ನೆಲ ಆ ಜಾಗದ್ದಲ್ಲ, ಚಿತ್ರದ ಬೇರೆ ಕಡೆಯದು. ಇನ್ನೊಂದು ವಿಷಯವಿದೆ. ಆ ಕ್ಯಾಮೆರಾ ಕಸವಾಗಿರಲಿಲ್ಲ, ಅದು ಮಾಹಿತಿಯಾಗಿತ್ತು. ಪಕ್ಕದಲ್ಲಿ ಪತ್ರಕರ್ತರು ಇದ್ದರು, ಆ ಹೋರಾಟಗಾರ ಒಬ್ಬಂಟಿಯಾಗಿರಲಿಲ್ಲ ಎಂದು ಅದು ಹೇಳುತ್ತಿತ್ತು. ಹಾಗೆಂದು ಕ್ರಾಪ್ ಯಾವಾಗಲೂ ಪ್ರಾಮಾಣಿಕ ಅನ್ನಲಾರೆ. ಐವತ್ತು ಜನರ ಸಭೆಯ ಮುಂದಿನ ಎರಡು ಸಾಲನ್ನಷ್ಟೇ ತೋರಿಸಿ ‘ಜನಸಾಗರ’ ಎಂದು ಬರೆಯುವುದನ್ನು ನಾವು ಪ್ರತಿ ಚುನಾವಣೆಯಲ್ಲೂ ನೋಡುತ್ತೇವೆ. ಅದೂ ಮೋಸವೇ. ಆದರೆ ಆ ಮೋಸಕ್ಕೆ ಮದ್ದು ಇದೆ: ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರ ಫೋಟೊ. ಚಿತ್ರದ ಒಳಗೇ ಕೈಹಾಕಿದರೆ ಎರಡು ಫೋಟೊಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಯಾವುದು ಸತ್ಯ ಎಂದು ತೀರ್ಮಾನಿಸುವುದು ಓದುಗರ ಪಾಲಿಗೆ ಬರುತ್ತದೆ.

ಇದಕ್ಕಿಂತ ಹತ್ತು ವರ್ಷ ಮೊದಲಿನ ಘಟನೆ ಇನ್ನೂ ವಿಚಿತ್ರ. 2003ರ ಇರಾಕ್ ಯುದ್ಧದ ಸಮಯ. ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಯ ಫೋಟೊಗ್ರಾಫರ್ ಬ್ರಯಾನ್ ವಾಲ್ಸ್ಕಿ ಬಸ್ರಾ ಬಳಿ ಇದ್ದರು. ಬ್ರಿಟಿಷ್ ಸೈನಿಕನೊಬ್ಬ ನಾಗರಿಕರಿಗೆ ಮರೆಯಲ್ಲಿರುವಂತೆ ಸೂಚಿಸುತ್ತಿದ್ದ. ಕೆಲವೇ ಕ್ಷಣಗಳ ಅಂತರದಲ್ಲಿ ವಾಲ್ಸ್ಕಿ ಹಲವು ಚಿತ್ರ ತೆಗೆದರು. ಒಂದರಲ್ಲಿ ಸೈನಿಕ ಕೈಚಾಚಿ ನಿಂತ ಭಂಗಿ ಚೆನ್ನಾಗಿ ಬಂದಿತ್ತು. ಮತ್ತೊಂದರಲ್ಲಿ ಮಗುವನ್ನು ಎತ್ತಿಕೊಂಡ ವ್ಯಕ್ತಿ ಚೆನ್ನಾಗಿ ಕಾಣುತ್ತಿದ್ದ. ವಾಲ್ಸ್ಕಿ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿ ಒಂದು ಮಾಡಿ ಕಳಿಸಿದರು. ಮಾರ್ಚ್ 31ರಂದು ಅದು ಮುಖಪುಟದಲ್ಲಿ ಬಂತು. ಚಿತ್ರ ಚೆನ್ನಾಗಿಯೇ ಇತ್ತು. ಸೈನಿಕ ಆ ವ್ಯಕ್ತಿಗೇ ಕೈ ತೋರಿಸಿ ತಡೆಯುತ್ತಿರುವಂತೆ ಕಾಣುತ್ತಿತ್ತು. ಅಂಥ ಕ್ಷಣ ಮಾತ್ರ ಎರಡೂ ಫ್ರೇಮಿನಲ್ಲಿ ಇರಲಿಲ್ಲ.

ಅದನ್ನು ಪತ್ತೆ ಮಾಡಿದ್ದು, ಅದೇ ಚಿತ್ರವನ್ನು ಪ್ರಕಟಿಸಿದ್ದ ಹಾರ್ಟ್‌ಫರ್ಡ್ ಕೊರಾಂಟ್ ಪತ್ರಿಕೆಯ ಒಬ್ಬ ಸಿಬ್ಬಂದಿ. ಹಿನ್ನೆಲೆಯಲ್ಲಿ ಕುಳಿತಿದ್ದ ಕೆಲವರು ಎರಡೆರಡು ಸಲ ಕಾಣಿಸಿದರು. ಎರಡು ಫ್ರೇಮುಗಳ ಜೋಡಣೆಯಲ್ಲಿ ಅದೇ ಜನ ಎರಡೂ ಕಡೆಯಿಂದ ಬಂದು ಕೂತುಬಿಟ್ಟಿದ್ದರು. ಸಂಪಾದಕರು ಫೋನಿನಲ್ಲಿ ಕೇಳಿದಾಗ ವಾಲ್ಸ್ಕಿ ಒಪ್ಪಿಕೊಂಡರು. ಚಿತ್ರದ ಸಂಯೋಜನೆ ಉತ್ತಮಗೊಳಿಸಲು ಹೀಗೆ ಮಾಡಿದ್ದಾಗಿ ತಿಳಿಸಿದರು. ಏಪ್ರಿಲ್ 1ರಂದು ಅವರು ಕೆಲಸ ಕಳೆದುಕೊಂಡರು. ಮರುದಿನ ಪತ್ರಿಕೆ ಓದುಗರಿಗೆ ವಿಷಯ ತಿಳಿಸಿತು.

ಈ ಎರಡು ಪ್ರಕರಣ ನನ್ನ ತಲೆ ಹೊಕ್ಕಿದ್ದು ಇಮೇಜ್ ಪ್ರೊಸೆಸಿಂಗ್ ಮಿನಿ ಪ್ರಾಜೆಕ್ಟ್‌ನಿಂದ. ಒಂದೇ ಚಿತ್ರದೊಳಗೆ ನಕಲು ಮಾಡಿ ಅಂಟಿಸಿದ ಭಾಗ ಹುಡುಕುವ ಪ್ರೋಗ್ರಾಂ ಬರೆಯುವುದು ನಮ್ಮ ತಂಡದ ಕೆಲಸ. ವಿಧಾನ ಸರಳ. ಚಿತ್ರವನ್ನು 16×16 ಪಿಕ್ಸೆಲ್‌ಗಳ ಚೌಕಗಳಾಗಿ ನೋಡುತ್ತೇವೆ, ಒಂದೊಂದೇ ಪಿಕ್ಸೆಲ್ ಸರಿಯುತ್ತ. 1000×600ರ ಸಾಧಾರಣ ಫೋಟೊದಲ್ಲೇ ಹೀಗೆ ಐದೂಮುಕ್ಕಾಲು ಲಕ್ಷದಷ್ಟು ಚೌಕಗಳಾಗುತ್ತವೆ. ಪ್ರತಿ ಚೌಕಕ್ಕೂ ಕೆಲವು ಸಂಖ್ಯೆಗಳ ಗುರುತು ಕೊಟ್ಟು ವಿಂಗಡಿಸಿದರೆ ಒಂದೇ ಥರದವು ಅಕ್ಕಪಕ್ಕ ಬರುತ್ತವೆ. ನೂರಾರು ಜೋಡಿಗಳು ಒಂದೇ ದಿಕ್ಕಿನಲ್ಲಿ, ಒಂದೇ ದೂರದಲ್ಲಿ ಸಿಕ್ಕರೆ ಅಲ್ಲಿ ಯಾರದೋ ಕೈವಾಡವಿದೆ ಎಂದರ್ಥ. ಕ್ಯಾಮೆರಾದ ಸೆನ್ಸರ್ ಪ್ರತಿ ಪಿಕ್ಸೆಲ್‌ನಲ್ಲೂ ಸಣ್ಣ ಗೊಂದಲ, ಅಂದರೆ ನಾಯ್ಸ್ ಬಿಟ್ಟಿರುತ್ತದೆ. ಒಂದು ಗೋಡೆಯ ಎರಡು ಇಟ್ಟಿಗೆ ಕಣ್ಣಿಗೆ ಒಂದೇ ಥರ ಕಂಡರೂ ಅವುಗಳ ನಾಯ್ಸ್ ಒಂದೇ ಇರುವುದಿಲ್ಲ.

ಆದರೆ ಇದೇ ಪ್ರೋಗ್ರಾಂಗೆ ಗೆಳೆಯ ತೆಗೆದ ಗೋಳಗುಮ್ಮಟದ ಫೋಟೊ ಕೊಟ್ಟೆವು, ಬೆಳ್ಳಗೆ ಸುಟ್ಟಂತಿದ್ದ ಆಕಾಶವೆಲ್ಲ ‘ನಕಲಿ’ ಎಂದಿತು. ಬೆಳಕು ಹೆಚ್ಚಾಗಿ ಸಪಾಟಾದ ಜಾಗದಲ್ಲಿ ಎಲ್ಲ ಚೌಕವೂ ಒಂದೇ ಆಗಿಬಿಡುತ್ತದೆ. ನಾವೇ ಕ್ಲೋನ್ ಮಾಡಿದ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಎರಡು ಸಲ ಕಳಿಸಿ ತಂದಾಗ ಏನೂ ಸಿಗಲಿಲ್ಲ. ಪ್ರತಿ ಸಲ ಕುಗ್ಗಿಸುವಾಗ ಆ ನಾಯ್ಸ್ ಅಳಿಸಿಹೋಗುತ್ತದೆ. ಮುಖ್ಯವಾಗಿ, ವಾಲ್ಸ್ಕಿ ಚಿತ್ರವನ್ನು ಈ ವಿಧಾನ ಹಿಡಿಯುವುದೇ ಇಲ್ಲ. ಅಲ್ಲಿ ಎರಡು ಸಲ ಕಂಡ ಜನ ಬೇರೆ ಬೇರೆ ಫ್ರೇಮಿನವರು, ಅವರ ನಾಯ್ಸ್ ಬೇರೆ. ಮನುಷ್ಯನ ಕಣ್ಣು ಹಿಡಿದಿದ್ದನ್ನು ನಮ್ಮ ಪ್ರೋಗ್ರಾಂ ಬಿಟ್ಟುಬಿಡುತ್ತದೆ. ಕಾಂಟ್ರೆರಾಸ್ ಮಾಡಿದಂಥ ಕ್ಲೋನ್ ಹಿಡಿಯಬಹುದಿತ್ತು, ಅದನ್ನು ಅವರೇ ಹೇಳಿಕೊಂಡರು!

ಹೀಗಾಗಿ ಸುದ್ದಿಸಂಸ್ಥೆಗಳು, ಸ್ಪರ್ಧೆಗಳು ನಂಬುವುದು ಮೂಲ ಫೈಲನ್ನೇ. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ಅಂತಿಮ ಹಂತಗಳಿಗೆ ಬಂದವರಿಂದ ಕ್ಯಾಮೆರಾದ ಮೂಲ ಫೈಲು ಕೇಳಿ ಹೋಲಿಸುತ್ತದೆ. 2015ರಲ್ಲಿ ಕೊನೆಯ ಹಂತದ ಹಿಂದಿನ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಶೇ 20ರಷ್ಟನ್ನು ಹೊರಹಾಕಲಾಯಿತು. ಕೆಲವರು ಸಣ್ಣ ಕಸಕಡ್ಡಿ ಅಳಿಸಿದ್ದರು. ಇನ್ನು ಕೆಲವರು ಏನನ್ನೂ ಅಳಿಸಿರಲಿಲ್ಲ, ನೆರಳನ್ನು ಅಷ್ಟು ಕಪ್ಪಾಗಿಸಿದ್ದರು. ಅಲ್ಲಿದ್ದ ವಸ್ತು ಕತ್ತಲಲ್ಲಿ ಮಾಯವಾಗಿತ್ತು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಬ್ರೈಟ್‌ನೆಸ್ ಸ್ಲೈಡರ್ ತಪ್ಪಲ್ಲ, ಆದರೆ ಅದನ್ನು ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಅದೇ ರಬ್ಬರ್ ಆಗುತ್ತದೆ.

ಮೂಲ ಫೈಲು ಯಾರ ಕೈಗೂ ಸಿಗದಿದ್ದರೆ? 2023ರ ಮೇ 28ರಂದು ದೆಹಲಿಯಲ್ಲಿ ಹೊಸ ಸಂಸತ್ ಭವನದ ಕಡೆ ಹೊರಟಿದ್ದ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ಪಡೆದರು. ಪೊಲೀಸ್ ವಾಹನದಲ್ಲಿ ವಿನೇಶ್ ಮತ್ತು ಸಂಗೀತಾ ಫೋಗಟ್ ಇದ್ದ ಸೆಲ್ಫಿಯೊಂದು ಹೊರಬಂತು. ಅದರಲ್ಲಿ ಅವರು ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೇ ಅದೇ ಚಿತ್ರದ ಇನ್ನೊಂದು ರೂಪ ಹರಿದಾಡಿತು, ಅದರಲ್ಲಿ ಮುಖದ ತುಂಬ ನಗು. ಬದಲಾದದ್ದು ಮುಖದ ಅಷ್ಟಗಲ ಭಾಗ ಮಾತ್ರ. ಆದರೆ ‘ಇವರದು ನಾಟಕ’ ಎನ್ನಲು ಅಷ್ಟೇ ಸಾಕಾಯಿತು. ಫ್ಯಾಕ್ಟ್‌ಚೆಕ್ ಮಾಡುವವರು ಹಿಡಿದ ದಾರಿ ಜಾಣತನದ್ದು: ನಗದ ಚಿತ್ರವನ್ನು ಫೇಸ್‌ಆ್ಯಪ್‌ಗೆ ಕೊಟ್ಟು ನಗುವಿನ ಫಿಲ್ಟರ್ ಹಾಕಿ ನೋಡಿದರು. ಹರಿದಾಡುತ್ತಿದ್ದ ಚಿತ್ರದ್ದೇ ನಗು ಬಂತು. ಕುಸ್ತಿಪಟುಗಳ ಕೆನ್ನೆಯಲ್ಲಿ ಇಲ್ಲದ ಗುಳಿ ಕೂಡ! ನಕಲು ಹುಡುಕುವ ಬದಲು ನಕಲು ಮಾಡಿದ ರೀತಿಯನ್ನೇ ಮತ್ತೆ ಮಾಡಿ ತೋರಿಸಿದರು.

ಇಲ್ಲಿ ಒಂದು ಬದಲಾವಣೆಗೆ ವಿನಾಯಿತಿ ಕೊಡಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಯಲು ಮಾಡುವುದನ್ನು ಪೋಕ್ಸೊ ಕಾಯ್ದೆ ನಿಷೇಧಿಸುತ್ತದೆ, ಪತ್ರಿಕೆಗಳು ಮುಖ ಮಸುಕಾಗಿಸುತ್ತವೆ. ಅದು ಎಪಿಯ ಕ್ಯಾಮೆರಾಕ್ಕಿಂತ ದೊಡ್ಡ ಬದಲಾವಣೆ. ಆದರೂ ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಮಸುಕು ಕಾಣುತ್ತದೆ, ಏಕೆ ಎಂಬುದೂ ಗೊತ್ತಾಗುತ್ತದೆ. ಅದೇ ಮಗುವಿನ ಮುಖದ ಜಾಗದಲ್ಲಿ ಬೇರೊಂದು ನಿಜವೆನಿಸುವ ಮುಖ ಕೂರಿಸಿ, ಅದನ್ನು ಎಲ್ಲೂ ಹೇಳದಿದ್ದರೆ ಉದ್ದೇಶ ಒಳ್ಳೆಯದಾದರೂ ನಾನು ಒಪ್ಪಲಾರೆ.

ಈಗ ನಮ್ಮ ಕೈಯಲ್ಲಿರುವ ಫೋನಿನ ವಿಷಯ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8 ಫೋನಿನಲ್ಲಿ ‘ಬೆಸ್ಟ್ ಟೇಕ್’ ಎಂಬ ಸೌಲಭ್ಯವಿದೆ. ಒಂದರ ಹಿಂದೊಂದು ತೆಗೆದ ಗ್ರೂಪ್ ಫೋಟೊಗಳಿಂದ ಒಬ್ಬೊಬ್ಬರ ಒಳ್ಳೆಯ ಮುಖ ಆರಿಸಿ ಒಂದೇ ಚಿತ್ರ ಮಾಡಿಕೊಡುತ್ತದೆ. ವಾಲ್ಸ್ಕಿ ಬಸ್ರಾದಲ್ಲಿ ಮಾಡಿದ್ದೂ ಇದೇ ಬಗೆಯ ಜೋಡಣೆ. ಅಕ್ಕನ ಮದುವೆಯ ಫೋಟೊದಲ್ಲಿ ಕಣ್ಣು ಮುಚ್ಚಿದ ಮಾವನನ್ನು ಹೀಗೆ ಎಚ್ಚರಿಸಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ಬೀದಿಯಲ್ಲಿ ಗಲಾಟೆ ನಡೆದಾಗ, ಅಪಘಾತವಾದಾಗ ಮೊದಲು ಫೋಟೊ ತೆಗೆಯುವವರು ಪತ್ರಕರ್ತರಲ್ಲ, ಅಲ್ಲಿ ನಿಂತ ನಾವು. ಹಾಗೆ ಸರಿಮಾಡಿದ ಪ್ರತಿಯನ್ನು ಪೊಲೀಸರಿಗೋ ಪತ್ರಿಕೆಗೋ ಕಳಿಸಿದರೆ, ಒಬ್ಬ ಕೋಪದಿಂದ ನೋಡಿದ ಕ್ಷಣ ಮತ್ತು ಇನ್ನೊಬ್ಬ ನಕ್ಕ ಕ್ಷಣ ಒಂದೇ ಆಗಿಬಿಟ್ಟಿರಬಹುದು. ಸದ್ಯ ಇದಕ್ಕೆ ಸುಲಭದ ದಾರಿ ಒಂದಿದೆ. ತಿದ್ದದ ಮೊದಲ ಫೈಲನ್ನು ಫೋನಿನಲ್ಲಿ ಹಾಗೇ ಉಳಿಸಿಕೊಳ್ಳುವುದು, ಕಳಿಸಬೇಕಾದಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸುವುದು. ಆಗ ಫೈಲು ಕುಗ್ಗುವುದಿಲ್ಲ, ನಾಯ್ಸ್ ಕೂಡ ಹಾಗೇ ಇರುತ್ತದೆ.