ಬಿಲ್ ಒಂದೂವರೆ ಲಕ್ಷ, ಖಾತೆಗೆ ಬಂದದ್ದು ಎಂಬತ್ತೇಳು ಸಾವಿರ

ಶಿರಸಿಯಲ್ಲಿ ಆಗದ ಆಪರೇಷನ್‌ಗೆ ಬನವಾಸಿ ಸೀಮೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತಾರೆ. ಕೈಯಿಂದ ದುಡ್ಡು ಕಟ್ಟಿ ಬಂದು ಆರೋಗ್ಯ ವಿಮೆಗೆ ಕ್ಲೇಮ್ ಹಾಕಿದರೆ, ಕೆಲವು ವಾರಗಳಲ್ಲಿ ಇಂಗ್ಲಿಷಿನ ಸೆಟ್ಲ್‌ಮೆಂಟ್ ಪತ್ರ ಬರುತ್ತದೆ. ಎಲ್ಲರ ಕಣ್ಣು ಮೊದಲು ಹೋಗುವುದು ಮಂಜೂರಾದ ಮೊತ್ತದ ಕಡೆಗೆ. ಆದರೆ ಓದಬೇಕಾದದ್ದು ಕಡಿತದ ಕೋಷ್ಟಕವನ್ನು. ಅದರ ‘ರಿಮಾರ್ಕ್ಸ್’ ಕಾಲಮ್ಮಿನಲ್ಲಿ ‘ಪ್ರಪೋರ್ಷನೇಟ್ ಡಿಡಕ್ಷನ್’ ಎಂದಿದ್ದರೆ ಲೆಕ್ಕವನ್ನು ನೀವೇ ಒಮ್ಮೆ ಹಾಕಿ ನೋಡಬೇಕು.

ಹಲವು ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ಸಾಮಾನ್ಯವಾಗಿ ಅದು ದಿನಕ್ಕೆ ವಿಮಾ ಮೊತ್ತದ ಶೇ 1. ಮಿತಿ ಮೀರಿದ ರೂಮ್ ಹಿಡಿದರೆ ಬಾಡಿಗೆಯ ಜೊತೆಗೆ ಬೇರೆ ಕೆಲವು ಖರ್ಚುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ರೂಮ್ ದುಬಾರಿಯಾದಂತೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ದರವನ್ನೂ ಆಸ್ಪತ್ರೆಗಳು ಏರಿಸುತ್ತವೆ ಎಂಬುದು ಕಂಪನಿಗಳ ವಾದ.

ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬ ಅನಾನಸ್ ಬೆಳೆಗಾರರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ವಿಮೆ 3 ಲಕ್ಷ ರೂಪಾಯಿಯದು, ಹಾಗಾಗಿ ರೂಮ್ ಮಿತಿ ದಿನಕ್ಕೆ 3,000. ಅವರು ಇದ್ದದ್ದು 5,000ದ ರೂಮಿನಲ್ಲಿ, ನಾಲ್ಕು ದಿನ. ಬಾಡಿಗೆ 20,000, ಸರ್ಜನ್, ಅರಿವಳಿಕೆ, ಥಿಯೇಟರ್, ನರ್ಸಿಂಗ್ ಸೇರಿ 60,000, ಔಷಧ 25,000, ಕಾಲಿಗೆ ಹಾಕಿದ ಪ್ಲೇಟು 30,000, ಎಕ್ಸ್‌ರೇ ಮತ್ತು ರಕ್ತಪರೀಕ್ಷೆ 10,000, ವಿಮೆಗೆ ಸೇರದ ಸಣ್ಣಪುಟ್ಟ ಸಾಮಾನು 5,000. ಒಟ್ಟು 1,50,000. ಕಂಪನಿ ಸಾಮಾನಿನ 5,000 ಕಳೆದು, ಉಳಿದ ಇಡೀ ಬಿಲ್ಲಿಗೆ ಶೇ 40 ಕಡಿತ ಹಾಕಿ 87,000 ಕೊಟ್ಟಿತು.

ತಪ್ಪಿರುವುದು ‘ಇಡೀ ಬಿಲ್ಲಿಗೆ’ ಎಂಬಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2020ರಲ್ಲೇ ಇದಕ್ಕೆ ಗೆರೆ ಎಳೆದಿದೆ. ಔಷಧ, ಒಳಗೆ ಕೂರಿಸುವ ಪ್ಲೇಟು–ಸ್ಟೆಂಟುಗಳು, ಪರೀಕ್ಷೆಗಳು ಈ ಕಡಿತದ ವ್ಯಾಪ್ತಿಗೆ ಬರುವುದಿಲ್ಲ. ಐಸಿಯು ದರಕ್ಕೂ ಇದು ತಾಗದು. ಪಾಲಿಸಿ ಪುಸ್ತಕದಲ್ಲಿ ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’ ಎಂಬ ವ್ಯಾಖ್ಯೆಯನ್ನು ಹುಡುಕಿ, ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಖಚಿತ ಮಾಡಿಕೊಳ್ಳಿ. ಆ ಪ್ರಕಾರ ನಮ್ಮ ಬೆಳೆಗಾರರಿಗೆ ಬಾಡಿಗೆಯಲ್ಲಿ 12,000, ಡಾಕ್ಟರ್–ಥಿಯೇಟರ್ ಖರ್ಚಿನಲ್ಲಿ 36,000, ಔಷಧ, ಪ್ಲೇಟು, ಪರೀಕ್ಷೆಗಳ 65,000 ಪೂರ್ತಿ, ಹೀಗೆ 1,13,000 ಬರಬೇಕಿತ್ತು. ಕಡಿಮೆ ಬಂದದ್ದು 26,000.

ಇನ್ನೊಂದು ವಿನಾಯಿತಿ ಇದೆ. ಯಾವ ರೂಮಿನಲ್ಲಿದ್ದರೂ ಡಾಕ್ಟರ್, ಥಿಯೇಟರ್ ದರ ಒಂದೇ ಇರುವ ಆಸ್ಪತ್ರೆಯಾದರೆ ಆ 60,000ಕ್ಕೂ ಕಡಿತ ಹಾಕುವಂತಿಲ್ಲ. ಆಗ ಬಾಡಿಗೆಯ 8,000 ಮಾತ್ರ ಹೋಗಿ 1,37,000 ಸಿಗಬೇಕು. ದರ ಒಂದೇ ಎಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಿಂದ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಹೆಸರು, ಇಮೇಲ್ ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ಅನ್ಯಾಯವಾಗಿದೆ ಎಂದಷ್ಟೇ ಬರೆದರೆ ಸಾಲದು. ಯಾವ ಸಾಲಿನ ಕಡಿತ, ಎಷ್ಟು, ಪಾಲಿಸಿಯ ಯಾವ ಷರತ್ತಿನಡಿ ಎಂದು ಕೇಳಿ, ನಿಮ್ಮ ಲೆಕ್ಕವನ್ನೂ ಬಿಲ್ ಪ್ರತಿಯನ್ನೂ ಲಗತ್ತಿಸಿ. ಕ್ಲೇಮನ್ನು ಪೂರ್ತಿಯಾಗಲಿ ಭಾಗಶಃವಾಗಲಿ ನಿರಾಕರಿಸಿದರೆ ಪಾಲಿಸಿಯ ನಿರ್ದಿಷ್ಟ ಷರತ್ತನ್ನು ತೋರಿಸಿ ಕಾರಣ ಕೊಡಬೇಕೆಂದು ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ಗ್ರಾಹಕ ಆಯೋಗದಲ್ಲಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ, 2019ರಲ್ಲಿ, ಹೇಳಿದೆ. ಹಾಗಾಗಿ ಮೂಲ ಪತ್ರವನ್ನು ಜೋಪಾನವಾಗಿಡಿ. ಇದೇ ದೂರನ್ನು bimabharosa.irdai.gov.in ತಾಣದಲ್ಲಿ ಅಥವಾ 155255ಕ್ಕೆ ಫೋನ್ ಮಾಡಿಯೂ ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಮೊರೆ ಹೋಗಬಹುದು. ನಿರಾಕರಣೆಯಾದ ಒಂದು ವರ್ಷದೊಳಗೆ cioins.co.in ಮೂಲಕವೋ ಅಂಚೆಯಲ್ಲೋ ದೂರು ಕೊಡಬೇಕು. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ತೃಪ್ತಿಯಾಗದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಅಲ್ಲಿಗೆ ಎರಡು ವರ್ಷದ ಗಡುವು. ಆದರೆ ಆಯೋಗದಲ್ಲಿ ಮೊದಲೇ ಕೇಸು ಹಾಕಿದ್ದರೆ ಒಂಬುಡ್ಸ್‌ಮನ್ ಅದೇ ದೂರನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕಂಪನಿ, ಒಂಬುಡ್ಸ್‌ಮನ್, ಕಾರವಾರ ಎಂಬ ಈ ಕ್ರಮದಲ್ಲೇ ಹೋಗುವುದು ಲೇಸು.